ಫೋಟೋಗ್ರಾಫರ್ ಬರಲೇ ಇಲ್ಲ, ಬ್ಯಾಂಕ್ ‘ಓಟಿಪಿ ನೀವೇ ಹಾಕಿದ್ದು’ ಅಂತಿದೆ

ಪ್ರಶ್ನೆ: ತಂಗಿ ಮದುವೆಗೆ ಫೋಟೋಗ್ರಾಫರ್‌ಗೆ 2025ರ ಆಗಸ್ಟ್ 10ರಂದು ಕ್ರೆಡಿಟ್ ಕಾರ್ಡಿನಲ್ಲಿ 40,000 ಅಡ್ವಾನ್ಸ್ ಕಟ್ಟಿದ್ದೆ. ಆಮೇಲೆ ಯುಪಿಐನಲ್ಲಿ 15,000 ಹಾಕಿದೆ. ನವೆಂಬರ್ 23ಕ್ಕೆ ಮದುವೆ. ಆ ದಿನ ಯಾರೂ ಬರಲಿಲ್ಲ, ಫೋನೂ ಎತ್ತಲಿಲ್ಲ. ಈಗ ಜನವರಿಯಲ್ಲಿ ಬ್ಯಾಂಕಿಗೆ ಫೋನ್ ಮಾಡಿದರೆ ‘ಓಟಿಪಿ ನೀವೇ ಹಾಕಿದ್ದೀರಿ, ಜೊತೆಗೆ 120 ದಿನ ಮುಗಿದಿದೆ’ ಅಂದರು. ದುಡ್ಡು ಹೋಯ್ತು ಅಂತಾನಾ?

ಉತ್ತರ:

ಹೋಗಿಲ್ಲ. ಕಾರ್ಡಿನಲ್ಲಿ ಕಟ್ಟಿದ 40,000ಕ್ಕೆ ಇನ್ನೂ ದಾರಿ ಇದೆ. ಅದರ ಹೆಸರು ಚಾರ್ಜ್‌ಬ್ಯಾಕ್, ಅಂದರೆ ನಿಮ್ಮ ಬ್ಯಾಂಕೇ ವ್ಯಾಪಾರಿಯ ಬ್ಯಾಂಕಿನಿಂದ ದುಡ್ಡು ವಾಪಸ್ ಕೇಳುವುದು. ಬ್ಯಾಂಕಿನವರು ಹೇಳಿದ ಎರಡು ಮಾತೂ ನಿಮ್ಮ ಕೇಸಿಗೆ ಹೊಂದುವುದಿಲ್ಲ. ನಾನು ಕೆಲವು ವರ್ಷ ಒಂದು ಬ್ಯಾಂಕಿನಲ್ಲಿ ಕಾರ್ಡ್ ಡಿಸ್ಪ್ಯೂಟ್ ಫೈಲುಗಳನ್ನು ನೋಡುತ್ತಿದ್ದೆ, ಹಾಗಾಗಿ ಫೋನಿನ ಆ ಕಡೆ ಏನಾಗಿರುತ್ತದೆ ಅಂತ ಊಹಿಸಬಲ್ಲೆ.

ನೀವು ಫೋನಿನಲ್ಲಿ ‘ನನಗೆ ಮೋಸ ಆಗಿದೆ’ ಅಂದಿರುತ್ತೀರಿ. ಯಾರಾದರೂ ಹಾಗೇ ಅನ್ನುತ್ತಾರೆ. ಆದರೆ ಕಸ್ಟಮರ್ ಕೇರಿನವರು ‘ಮೋಸ’ ಅಂದ ಕೂಡಲೇ ಅದನ್ನು ಫ್ರಾಡ್ ಅಂತ ನಮೂದಿಸುತ್ತಾರೆ. ಕಾರ್ಡ್ ಲೋಕದಲ್ಲಿ ಫ್ರಾಡ್ ಅಂದರೆ ನಿಮಗೆ ಗೊತ್ತಿಲ್ಲದೆ ಬೇರೆ ಯಾರೋ ನಿಮ್ಮ ಕಾರ್ಡ್ ಬಳಸಿದ್ದು. ಅಲ್ಲಿ ಓಟಿಪಿ ನಿಜಕ್ಕೂ ಮುಖ್ಯ. ಓಟಿಪಿ ಸರಿಯಾಗಿ ಬಿದ್ದಿದ್ದರೆ ಬ್ಯಾಂಕಿಗೆ ಆ ಹೆಸರಿನಲ್ಲಿ ಅಂಗಡಿಯವನಿಂದ ದುಡ್ಡು ವಾಪಸ್ ಕೇಳುವುದಕ್ಕೆ ಆಗುವುದಿಲ್ಲ. ನಿಮ್ಮ ಕೇಸು ಅದಲ್ಲವೇ ಅಲ್ಲ. ದುಡ್ಡು ಕಟ್ಟಿದ್ದು ನೀವೇ, ಓಟಿಪಿ ಹಾಕಿದ್ದೂ ನೀವೇ, ಅದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ತಕರಾರು ಇರುವುದು ದುಡ್ಡು ತಗೊಂಡವನು ಕೆಲಸ ಮಾಡಲಿಲ್ಲ ಅನ್ನುವುದಕ್ಕೆ. ಅದಕ್ಕೆ ಬೇರೆಯೇ ಖಾನೆ ಇದೆ. ವೀಸಾದಲ್ಲಿ ಅದರ ಕೋಡ್ 13.1, ಅಂದರೆ ಸಾಮಾನು ಅಥವಾ ಸರ್ವೀಸ್ ಸಿಗಲಿಲ್ಲ ಅಂತ. ಮಾಸ್ಟರ್‌ಕಾರ್ಡಿನಲ್ಲಿ ಇಂಥವು 4853ರ ಅಡಿ ಹೋಗುತ್ತವೆ. ಇಲ್ಲಿ ಓಟಿಪಿಯ ಪ್ರಶ್ನೆಯೇ ಬರುವುದಿಲ್ಲ.

ಇನ್ನು ದಿನದ ಲೆಕ್ಕ. ಅವರು ಆಗಸ್ಟ್ 10ರಿಂದ ಎಣಿಸಿದ್ದಾರೆ. ಹಾಗೆ ಎಣಿಸಿದರೆ ಡಿಸೆಂಬರ್ 8ಕ್ಕೇ 120 ದಿನ ಮುಗಿಯುತ್ತದೆ. ಆದರೆ ಮುಂದೆ ಯಾವಾಗಲೋ ಸಿಗಬೇಕಾದ ಸರ್ವೀಸಿಗೆ ಈಗಲೇ ದುಡ್ಡು ಕಟ್ಟಿದ್ದರೆ, ಆ ಸರ್ವೀಸ್ ಸಿಗಬೇಕಿದ್ದ ದಿನದಿಂದ ಲೆಕ್ಕ. ನಿಮ್ಮದು ನವೆಂಬರ್ 23. ಅಲ್ಲಿಂದ 120 ದಿನ ಅಂದರೆ 2026ರ ಮಾರ್ಚ್ 23. ದುಡ್ಡು ಕಟ್ಟಿದ ದಿನದಿಂದ ಒಟ್ಟು 540 ದಿನ ಮೀರಬಾರದು ಅನ್ನುವ ಮೇಲಿನ ಮಿತಿಯೂ ಇದೆ, ಅದು ನಿಮಗೆ ಇನ್ನೂ ದೂರ. ವೀಸಾ, ಮಾಸ್ಟರ್‌ಕಾರ್ಡ್ ಎರಡರಲ್ಲೂ ಲೆಕ್ಕ ಹೀಗೇ. ರುಪೇ ಆದರೆ ಅದನ್ನು ನಡೆಸುವ ಎನ್‌ಪಿಸಿಐ ಸಂಸ್ಥೆಯ ನಿಯಮ ನಡೆಯುತ್ತದೆ, ಅದರ ಗಡುವನ್ನು ಬ್ಯಾಂಕಿನಲ್ಲಿ ಬರಹದಲ್ಲೇ ಕೇಳಿಕೊಳ್ಳಿ. ಮಾರ್ಚ್ ತನಕ ಟೈಮ್ ಇದೆ ಅಂತ ಮಾತ್ರ ಕೂರಬೇಡಿ. ಆ ಗಡುವು ನಿಮ್ಮ ಬ್ಯಾಂಕ್ ವೀಸಾ, ಮಾಸ್ಟರ್‌ಕಾರ್ಡಿನಂಥ ನೆಟ್‌ವರ್ಕಿಗೆ ಕೇಸ್ ಹಾಕುವುದಕ್ಕೆ ಇರುವ ಗಡುವು, ನೀವು ಬ್ಯಾಂಕಿಗೆ ಹೇಳುವುದಕ್ಕಲ್ಲ. ಫಾರ್ಮ್ ಸರಿ ಇಲ್ಲ, ಕಾಗದ ಸಾಲದು ಅಂತ ಅವರು ವಾಪಸ್ ಕಳಿಸುವುದರಲ್ಲೇ ವಾರಗಳು ಹೋಗುತ್ತವೆ.

ಫೋನ್ ಬಿಡಿ. ಬ್ಯಾಂಕಿನ ಡಿಸ್ಪ್ಯೂಟ್ ಫಾರ್ಮ್ ತಗೊಳ್ಳಿ. ನೆಟ್‌ಬ್ಯಾಂಕಿಂಗ್‌ನಲ್ಲೋ ಆ್ಯಪಿನಲ್ಲೋ ಇರುತ್ತದೆ, ಇಲ್ಲದಿದ್ದರೆ ಮೇಲ್ ಮಾಡಿ ಕೇಳಿ. ಅದರಲ್ಲಿ ಕಾರಣಗಳ ಸಾಲು ಇರುತ್ತದೆ: ನಾನು ಮಾಡದ ವ್ಯವಹಾರ, ಎರಡು ಸಲ ಕಟ್ ಆಗಿದೆ, ಕ್ಯಾನ್ಸಲ್ ಮಾಡಿದೆ, ಸರ್ವೀಸ್ ಸಿಗಲಿಲ್ಲ. ಕೊನೆಯದಕ್ಕೆ ಮಾತ್ರ ಟಿಕ್ ಹಾಕಿ. ‘ಕ್ಯಾನ್ಸಲ್ ಮಾಡಿದೆ’ ಅನ್ನುವುದಕ್ಕೂ ಸೇರಿಸಿ ಹಾಕಿಬಿಡೋಣ ಅನ್ನಿಸುತ್ತದೆ. ಬೇಡವೇ ಬೇಡ. ಕ್ಯಾನ್ಸಲ್ ಅಂದ ಕೂಡಲೇ ಅದು ಬೇರೆ ಕೋಡಿಗೆ ಹೋಗುತ್ತದೆ, ಅಲ್ಲಿ ಫೋಟೋಗ್ರಾಫರ್‌ನ ‘ಅಡ್ವಾನ್ಸ್ ವಾಪಸ್ ಇಲ್ಲ’ ಅನ್ನುವ ಷರತ್ತಿಗೆ ಬೆಲೆ ಬರುತ್ತದೆ. ನೀವು ಬಿಟ್ಟಿದ್ದಲ್ಲ, ಅವನು ಬರಲಿಲ್ಲ. ಆಗ ಆ ಷರತ್ತು ಅವನ ಕೈ ಹಿಡಿಯುವುದಿಲ್ಲ. ವಾಟ್ಸಾಪಿನಲ್ಲೂ ಸಿಟ್ಟಿನಲ್ಲಿ ‘ಹೋಗ್ಲಿ, ಕ್ಯಾನ್ಸಲ್ ಮಾಡ್ಕೊಳ್ಳಿ’ ಅಂತ ಈಗ ಬರೆಯಬೇಡಿ. ಆ ಒಂದು ಸಾಲನ್ನೇ ಅವನು ಸ್ಕ್ರೀನ್‌ಶಾಟ್ ತೆಗೆದು ಉತ್ತರಕ್ಕೆ ಲಗತ್ತಿಸುತ್ತಾನೆ. ಇಂಥದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಫಾರ್ಮಿನ ಜೊತೆ ಒಂದು ಪುಟದ ಪತ್ರ ಇಡಿ. ಅದನ್ನು ಓದುವವರಿಗೆ ಒಂದು ಫೈಲಿಗೆ ಕೆಲವೇ ನಿಮಿಷ ಸಿಗುತ್ತದೆ. ಮದುವೆ ಮನೆಯಲ್ಲಿ ಅಮ್ಮ ಅತ್ತಿದ್ದು, ನೆಂಟರ ಮುಂದೆ ಮರ್ಯಾದೆ ಹೋಗಿದ್ದು, ಇವೆಲ್ಲ ನಿಜವೇ, ಆದರೆ ಆ ಫೈಲಿಗೆ ಬೇಡ. ನಿಮ್ಮ ಪತ್ರ ಹೆಚ್ಚು ಕಡಿಮೆ ಹೀಗಿದ್ದರೆ ಸಾಕು:

> 10-08-2025ರಂದು ನನ್ನ ಕಾರ್ಡಿನಿಂದ ರೂ. 40,000 ಪಾವತಿ ಮಾಡಿದ್ದೇನೆ. ಈ ವ್ಯವಹಾರ ನಾನೇ ಮಾಡಿದ್ದು, ಇದನ್ನು ಫ್ರಾಡ್ ಎಂದು ಹೇಳುತ್ತಿಲ್ಲ.
>
> ಇದು 23-11-2025ರ ಮದುವೆಯ ಫೋಟೋ ಮತ್ತು ವಿಡಿಯೋ ಕೆಲಸಕ್ಕೆ ಕೊಟ್ಟ ಅಡ್ವಾನ್ಸ್. ದಿನಾಂಕ, ಸ್ಥಳ ಮತ್ತು ಸಮಯ ಇರುವ ಕೊಟೇಶನ್ ಲಗತ್ತಿಸಿದೆ (ಲಗತ್ತು 1).
>
> ಆ ದಿನ ಸ್ಟುಡಿಯೋ ಕಡೆಯಿಂದ ಯಾರೂ ಬರಲಿಲ್ಲ. ಬೆಳಿಗ್ಗೆಯಿಂದ ಕಳಿಸಿದ ಮೆಸೇಜುಗಳು ಮತ್ತು ಕಾಲ್ ಲಾಗ್ ಲಗತ್ತಿಸಿದೆ (ಲಗತ್ತು 2). ಅದೇ ದಿನ ಬೇರೆ ಫೋಟೋಗ್ರಾಫರ್‌ನಿಂದ ಕೆಲಸ ಮಾಡಿಸಿದ ಬಿಲ್ ಲಗತ್ತಿಸಿದೆ (ಲಗತ್ತು 3).
>
> ದುಡ್ಡು ವಾಪಸ್ ಕೇಳಿ ಇಮೇಲ್ ಕಳಿಸಿದ್ದೇನೆ, ಹಣ ಬಂದಿಲ್ಲ (ಲಗತ್ತು 4). ನಾನು ಸರ್ವೀಸ್ ಕ್ಯಾನ್ಸಲ್ ಮಾಡಿಲ್ಲ, ಬೇರೆ ದಿನಾಂಕಕ್ಕೆ ಒಪ್ಪಿಲ್ಲ.
>
> ಸರ್ವೀಸ್ ಸಿಗಲಿಲ್ಲ ಎಂಬ ಕಾರಣಕ್ಕೆ ರೂ. 40,000ಕ್ಕೆ ಚಾರ್ಜ್‌ಬ್ಯಾಕ್ ಹಾಕಬೇಕೆಂದು ಕೋರುತ್ತೇನೆ. ಸರ್ವೀಸ್ ಸಿಗಬೇಕಿದ್ದ ದಿನಾಂಕ 23-11-2025.

ಇದನ್ನು ಇಂಗ್ಲಿಷಿನಲ್ಲಿ ಕಳಿಸಿ. ಫೈಲು ನಿಮ್ಮ ಬ್ರಾಂಚಿನಲ್ಲಿ ಕೂರುವುದಿಲ್ಲ. ನಿಮ್ಮ ಬ್ಯಾಂಕಿನಿಂದ ನೆಟ್‌ವರ್ಕಿಗೆ, ಅಲ್ಲಿಂದ ಫೋಟೋಗ್ರಾಫರ್‌ನ ದುಡ್ಡು ತಗೊಳ್ಳುವ ಬ್ಯಾಂಕಿಗೆ ಹೋಗುತ್ತದೆ. ವಾಟ್ಸಾಪ್ ಮಾತು ಕನ್ನಡದಲ್ಲಿದ್ದರೆ ಮುಖ್ಯವಾದ ಸಾಲುಗಳ ಕೆಳಗೆ ಇಂಗ್ಲಿಷ್ ಅರ್ಥ ಬರೆದುಕೊಡಿ. ‘ಅಣ್ಣಾ ಎಲ್ಲಿದ್ದೀರಾ, ಮುಹೂರ್ತ ಆಗ್ತಿದೆ’ ಅನ್ನುವ ಬೆಳಿಗ್ಗೆ 9 ಗಂಟೆಯ ಮೆಸೇಜಿಗಿಂತ ಒಳ್ಳೆಯ ಸಾಕ್ಷಿ ಇಂಥ ಕೇಸಿಗೆ ಸಿಗುವುದಿಲ್ಲ. ಆದರೆ ಅದನ್ನು ಓದುವವರು ಮುಂಬೈಯಲ್ಲೋ ಚೆನ್ನೈಯಲ್ಲೋ ಕೂತಿದ್ದರೆ ಅವರಿಗೆ ಅದು ಬರೀ ಚಿತ್ರ.

ನಡೆಯದೇ ಇದ್ದದ್ದನ್ನು ತೋರಿಸುವುದು ಹೇಗೆ ಅನ್ನುವುದೇ ಇಂಥ ಕೇಸಿನ ಕಷ್ಟ. ಅದಕ್ಕೇ ಲಗತ್ತು 3ಕ್ಕೆ ಅಷ್ಟು ತೂಕ. ಅವನು ಬಂದಿದ್ದರೆ ನೀವು ಯಾಕೆ ಅದೇ ದಿನ ಇನ್ನೊಬ್ಬರಿಗೆ ದುಡ್ಡು ಕೊಡುತ್ತಿದ್ದಿರಿ, ಅಲ್ವಾ? ಬೇರೆಯವರನ್ನು ಕರೆಸದೆ ಮನೆಯವರ ಮೊಬೈಲಿನಲ್ಲೇ ಮುಗಿಸಿದ್ದರೆ ಆ ಸಾಲು ಬಿಟ್ಟುಬಿಡಿ. ಆಗ ಮೆಸೇಜು, ಕಾಲ್ ಲಾಗ್ ಮೇಲೇ ಕೇಸು ನಿಲ್ಲಬೇಕು. ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆಯುವಾಗ ಮೇಲೆ ಅವನ ನಂಬರ್, ಪಕ್ಕದಲ್ಲಿ ತಾರೀಖು ಕಾಣಲಿ. ‘ನಿನ್ನೆ’ ಅಂತ ಮಾತ್ರ ತೋರಿಸುವ ಸ್ಕ್ರೀನ್‌ಶಾಟ್ ಪ್ರಯೋಜನಕ್ಕಿಲ್ಲ.

ಲಗತ್ತು 4 ಇಲ್ಲದಿದ್ದರೆ ಇವತ್ತೇ ಮಾಡಿಕೊಳ್ಳಿ. ಮೊದಲು ವ್ಯಾಪಾರಿಯ ಹತ್ತಿರ ಕೇಳಿದ್ದೀರಿ ಅಂತ ತೋರಿಸುವುದು ಈ ಖಾನೆಯ ನಿಯಮವೇ. ಅವನಿಗೆ ಇಮೇಲ್ ಮಾಡಿ, ಒಂದು ವಾರದ ಗಡುವು ಕೊಡಿ, ಹಾಕಿದ ಮೊತ್ತ ಬರೆಯಿರಿ. ‘ಬೇರೆ ಫಂಕ್ಷನ್‌ಗೆ ಮಾಡಿಕೊಡ್ತೀನಿ’ ಅಂದರೆ ಒಪ್ಪಬೇಡಿ. ಒಪ್ಪಿದರೆ ಸರ್ವೀಸಿನ ದಿನಾಂಕವೇ ಮುಂದಕ್ಕೆ ಹೋದಂತೆ, ಕೇಸು ಅಲ್ಲೇ ಮಲಗುತ್ತದೆ.

ಸ್ಟೇಟ್‌ಮೆಂಟಿನಲ್ಲಿ ಸ್ಟುಡಿಯೋ ಹೆಸರಿನ ಬದಲು ಯಾವುದೋ ಪೇಮೆಂಟ್ ಗೇಟ್‌ವೇ ಹೆಸರು ಇದ್ದರೆ ಗಾಬರಿಯಾಗಬೇಡಿ. ಪೇಮೆಂಟ್ ಲಿಂಕಿನಲ್ಲಿ ಕಟ್ಟಿದರೆ ಹಾಗೇ ಬರುತ್ತದೆ. ಅವನು ಕಳಿಸಿದ ಲಿಂಕಿನ ಮೆಸೇಜ್ ಮತ್ತು ಪಾವತಿಯ ರಸೀದಿ ಎರಡನ್ನೂ ಸೇರಿಸಿ, ಆಗ ಆ ಹೆಸರಿಗೂ ಸ್ಟುಡಿಯೋಗೂ ಇರುವ ಕೊಂಡಿ ಸಿಗುತ್ತದೆ. ಕಾರ್ಡ್ ಬಿಲ್ ಆಗಲೇ ಕಟ್ಟಿ ಮುಗಿಸಿದ್ದರೂ ಪರವಾಗಿಲ್ಲ, ಅದು ಅಡ್ಡಿಯಲ್ಲ.

ಒಂದು ವಿಷಯ ನೀವು ಹೇಳಿಲ್ಲ. ಪ್ರೀ-ವೆಡ್ಡಿಂಗ್ ಶೂಟ್ ಅಂತ ಏನಾದರೂ ಆಗಿತ್ತಾ? ಆಗಿದ್ದರೆ ಬಚ್ಚಿಡಬೇಡಿ. ಸಿಗದೇ ಉಳಿದ ಭಾಗಕ್ಕೆ ಮಾತ್ರ ಕೇಳಬೇಕು. ಕೊಟೇಶನ್‌ನಲ್ಲಿ ಶೂಟಿಗೆ 12,000 ಅಂತ ಬೇರೆ ಬರೆದಿದ್ದರೆ ಅದನ್ನು ಕಳೆದು 28,000 ಕೇಳಿ, ಹೇಗೆ ಕಳೆದಿರಿ ಅಂತಲೂ ಬರೆಯಿರಿ. ಪೂರ್ತಿ 40,000 ಕೇಳಿ, ಆಮೇಲೆ ಅವನು ಪ್ರೀ-ವೆಡ್ಡಿಂಗ್ ಫೋಟೋಗಳನ್ನು ಮುಂದಿಟ್ಟರೆ ನಿಮ್ಮ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

ಕೇಸ್ ಹಾಕಿದ ಮೇಲೆ ಕೆಲವು ಬ್ಯಾಂಕುಗಳು ತಾತ್ಕಾಲಿಕವಾಗಿ ದುಡ್ಡು ಜಮೆ ಮಾಡುತ್ತವೆ. ಅದನ್ನು ಗೆದ್ದ ದುಡ್ಡು ಅಂದುಕೊಂಡು ಖರ್ಚು ಮಾಡಬೇಡಿ. ಅವನ ಕಡೆಯಿಂದ ಉತ್ತರ ಬರಲು ನೆಟ್‌ವರ್ಕ್ ಸಮಯ ಕೊಡುತ್ತದೆ, ವೀಸಾದಲ್ಲಾದರೆ 30 ದಿನ. ಅವನು ಉತ್ತರಿಸದಿದ್ದರೆ ದುಡ್ಡು ನಿಮ್ಮದು. ಉತ್ತರಿಸಿದರೆ ಬ್ಯಾಂಕ್ ಅವನ ಕಾಗದಗಳನ್ನು ನಿಮಗೆ ಕಳಿಸಿ ಅಭಿಪ್ರಾಯ ಕೇಳುತ್ತದೆ, ಅದಕ್ಕೆ ಕೊಡುವ ಸಮಯ ಕಡಿಮೆ. ಸ್ಪ್ಯಾಮ್ ಫೋಲ್ಡರನ್ನೂ ನೋಡುತ್ತಿರಿ. ಅವನು ‘ಅಡ್ವಾನ್ಸ್ ವಾಪಸ್ ಇಲ್ಲ’ ಅನ್ನುವ ಷರತ್ತನ್ನಷ್ಟೇ ತೋರಿಸಿದ್ದರೆ ಎರಡೇ ಸಾಲು ಸಾಕು: ನಾನು ಕ್ಯಾನ್ಸಲ್ ಮಾಡಿಲ್ಲ, ಅವನು 23ರಂದು ಬಂದಿದ್ದಕ್ಕೆ ಈ ಕಾಗದಗಳಲ್ಲಿ ಒಂದೂ ಪುರಾವೆ ಇಲ್ಲ.

ಇಷ್ಟಾದರೂ ಬ್ಯಾಂಕ್ ‘ಓಟಿಪಿ’ ಅಂತಲೇ ಕೂತರೆ, ಬ್ಯಾಂಕಿನ ಮೇಲೇ ಬರಹದಲ್ಲಿ ದೂರು ಕೊಟ್ಟು ನಂಬರ್ ತಗೊಳ್ಳಿ. ತಿರಸ್ಕರಿಸಿದರೆ, ಅಥವಾ 30 ದಿನ ಉತ್ತರವೇ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ `cms.rbi.org.in` ನಲ್ಲಿ ಹಾಕಬಹುದು, ಶುಲ್ಕ ಇಲ್ಲ. ಅಲ್ಲಿ ಫೋಟೋಗ್ರಾಫರ್ ಬಗ್ಗೆ ಬರೆಯಬೇಡಿ. ಸರ್ವೀಸ್ ಸಿಗದ ತಕರಾರನ್ನು ಬ್ಯಾಂಕ್ ಫ್ರಾಡ್ ಅಂತ ದಾಖಲಿಸಿ ಚಾರ್ಜ್‌ಬ್ಯಾಕ್ ಹಾಕದೆ ಗಡುವು ಕಳೆಯುತ್ತಿದೆ ಅಂತ ಬರೆಯಿರಿ. ಓಂಬುಡ್ಸ್‌ಮನ್ ನೋಡುವುದು ಬ್ಯಾಂಕಿನ ನಡತೆಯನ್ನು. ಬ್ಯಾಂಕ್ ಸರಿಯಾಗಿ ಕೇಸ್ ಹಾಕಿ, ಫೋಟೋಗ್ರಾಫರ್ ಗೆದ್ದಿದ್ದರೆ ಅಲ್ಲಿ ಹೋಗಿ ಹೆಚ್ಚೇನೂ ಸಿಗುವುದಿಲ್ಲ.

ಯುಪಿಐನ 15,000ವನ್ನು ಈ ಪತ್ರದಲ್ಲಿ ಸೇರಿಸಬೇಡಿ, ಅದು ಈ ಕಾರ್ಡಿನಿಂದ ಹೋಗಿಲ್ಲ. ಹೊಸ ಫೋಟೋಗ್ರಾಫರ್‌ಗೆ ಜಾಸ್ತಿ ಕೊಟ್ಟ ದುಡ್ಡು, ಪಟ್ಟ ಸಂಕಟ, ಇವೂ ಚಾರ್ಜ್‌ಬ್ಯಾಕಿನಲ್ಲಿ ಬರುವುದಿಲ್ಲ. ಅವಕ್ಕೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಎರಡು ವರ್ಷದೊಳಗೆ ಹಾಕಬೇಕು, ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಫೀಸ್ ಇಲ್ಲ. ಅದಕ್ಕೂ ಮುಂಚೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಒಂದು ಫೋನ್ ಮಾಡಿ ನೋಡಿ. ಆಯೋಗಕ್ಕೆ ಹೋಗುವುದಾದರೆ ಚಾರ್ಜ್‌ಬ್ಯಾಕಿನಲ್ಲಿ ಬಂದ ದುಡ್ಡನ್ನು ಅಲ್ಲಿನ ಅರ್ಜಿಯಲ್ಲಿ ಕಳೆದು ತೋರಿಸಿ.