ನೋಡಿದವರು ಇಪ್ಪತ್ತನಾಲ್ಕು ಸಾವಿರ, ಕೊಂಡವರು ಆರು

(ಗುರುತು ಸಿಗದಂತೆ ವಿವರಗಳನ್ನೂ ಅಂಕಿಗಳನ್ನೂ ಸ್ವಲ್ಪ ಬದಲಿಸಿದ್ದೇನೆ.)

ಚನ್ನಪಟ್ಟಣದ ಕಡೆಯ ಹೆಣ್ಣುಮಗಳು. ಯಜಮಾನರು ಲೇತ್ ಮೇಲೆ ಹಾಲೆ ಮರ ಕಡೆದು ಅರಗಿನ ಬಣ್ಣ ಹಚ್ಚಿ ಆಟಿಕೆ ಮಾಡುತ್ತಾರೆ, ಆನ್‌ಲೈನ್ ಮಾರಾಟ ಇವರ ಪಾಲು. ಸಲಹೆ ಕೇಳಲು ಬಂದವರೇ ಫೋನ್ ಮುಂದಿಟ್ಟರು. "ಮೇಡಂ, ಈ ಬಳೆ ಆಟಿಕೆನ ತಿಂಗಳಿಗೆ ಇಪ್ಪತ್ನಾಲ್ಕು ಸಾವಿರ ಜನ ನೋಡ್ತಾರೆ, ತಗೊಳ್ಳೋದು ಆರು ಜನ. ರೇಟ್ ಜಾಸ್ತಿ ಆಯ್ತು ಅಂತ 699 ಇದ್ದದ್ದನ್ನ 549 ಮಾಡಿದೆ. ಮೂರು ವಾರ ಆಯ್ತು, ಏನೂ ಆಗ್ಲಿಲ್ಲ."

ನಾನು ಮೊದಲು ಕೇಳಿದ್ದು, ಆ 'ನೋಡಿದ್ದು' ಯಾವ ಅಂಕಿ ಎಂದು. ತೆರೆದು ನೋಡಿದರೆ ಅದು ಇಂಪ್ರೆಷನ್. ಅಂದರೆ ಯಾರೋ ಏನನ್ನೋ ಹುಡುಕಿದಾಗ ಹತ್ತಾರು ಚಿತ್ರಗಳ ನಡುವೆ ಇವರದೂ ಒಂದು ಬಂದು ಹೋಗಿದೆ, ಅಷ್ಟೇ. ಚಿತ್ರ ಒತ್ತಿ ಪುಟದ ಒಳಗೆ ಬಂದವರು 120 ಜನ. ಆ 120ರಲ್ಲಿ ಆರು ಜನ ಕೊಂಡಿದ್ದಾರೆ.

"ಸಂತೆ ಲೆಕ್ಕದಲ್ಲಿ ಹೇಳ್ತೀನಮ್ಮ. ನಿಮ್ಮ ಅಂಗಡಿ ಮುಂದೆ ಹಾದುಹೋದವರು 24,000. ಒಳಗೆ ಕಾಲಿಟ್ಟವರು 120, ಸಾವಿರಕ್ಕೆ ಐದು ಜನ. ಒಳಗೆ ಬಂದವರಲ್ಲಿ ಇಪ್ಪತ್ತಕ್ಕೆ ಒಬ್ಬರು ಕೊಂಡಿದ್ದಾರೆ. ಈಗ ಹೇಳಿ, ತೊಂದರೆ ಒಳಗಿದೆಯಾ, ಬಾಗಿಲಲ್ಲಿದೆಯಾ?"

ಬಾಗಿಲಲ್ಲೇ. ಆದರೆ ಇಪ್ಪತ್ತಕ್ಕೊಬ್ಬರು ಸಾಕೋ ಕಡಿಮೆಯೋ ಎಂದು ಊಹೆಯಲ್ಲಿ ಹೇಳಲಾಗದು, ಒಂದೊಂದು ಬಗೆಯ ಸರಕಿಗೆ ಒಂದೊಂದು ರೂಢಿ. ಅದಕ್ಕೆ ಅವರದೇ ಇನ್ನೊಂದು ಲಿಸ್ಟಿಂಗ್ ಪಕ್ಕಕ್ಕಿಟ್ಟೆ. ಅದು ಬುಗುರಿ. ಇಂಪ್ರೆಷನ್ 3,000, ಕ್ಲಿಕ್ 150, ಆರ್ಡರ್ ಒಂದೇ. ಇಲ್ಲಿ ಜನ ಬಾಗಿಲು ದಾಟಿ ಬರುತ್ತಿದ್ದಾರೆ, ಕೊಳ್ಳದೆ ಹೋಗುತ್ತಿದ್ದಾರೆ. ಒಂದೇ ಮನೆಯ ಎರಡು ಆಟಿಕೆ, ಎರಡು ಬೇರೆ ಕಾಯಿಲೆ. ಬೆಲೆ ಇಳಿಸುವ ಒಂದೇ ಔಷಧಿ ಎರಡಕ್ಕೂ ನಡೆಯದು.

ಮೊದಲನೆಯದು ಬಣ್ಣದ ಬಳೆಗಳನ್ನು ಕಡ್ಡಿಗೆ ಏರಿಸುವ ಆಟಿಕೆ. ಅದರ ಚಿತ್ರವನ್ನು ಹುಡುಕಾಟದ ಪಟ್ಟಿಯಲ್ಲಿ ತೆರೆಸಿ, ಫೋನನ್ನು ಕೈಯಳತೆ ದೂರ ಹಿಡಿಯಲು ಹೇಳಿದೆ. ಕೆಂಪು ಗಾರೆ ನೆಲದ ಮೇಲೆ ಕೆಂಪು, ಕಿತ್ತಳೆ ಬಳೆಗಳು. ಹೆಬ್ಬೆರಳಗಲದ ಚಿತ್ರದಲ್ಲಿ ಅದೊಂದು ಕೆಂಪು ಮುದ್ದೆ. ಅವರೇ "ಅಯ್ಯೋ, ಏನೂ ಕಾಣ್ಸಲ್ವಲ್ಲ" ಎಂದರು. ಹೆಸರಿನ ಸಾಲಿನಲ್ಲೂ ಮೊದಲು ಅಂಗಡಿ ಹೆಸರು. 'ಮರದ ಆಟಿಕೆ' ಎಂಬ ಮಾತು ಬರುವಷ್ಟರಲ್ಲಿ ಸಾಲು ತುಂಡಾಗಿತ್ತು. ಯಾವ ಪದ ಹುಡುಕಿದವರಿಗೆ ಇದು ಕಾಣುತ್ತಿದೆ ಎಂದೂ ನೋಡಿದೆವು. ರಿಮೋಟ್ ಕಾರು ಹುಡುಕುವವರಿಗೆ ತೋರಿಸುತ್ತಿದ್ದರೆ ಎಂಥ ಚಿತ್ರ ಹಾಕಿದರೂ ಒತ್ತುವವರಿಲ್ಲ. ಪದಗಳು ಸರಿಯಾಗಿದ್ದವು, ಹಾಗಾಗಿ ಚಿತ್ರಕ್ಕೇ ಕೈಹಾಕಿದೆವು. ಬೆಲೆಯೂ ಪಟ್ಟಿಯಲ್ಲೇ ಕಾಣುತ್ತದೆ, ಅದೂ ಕ್ಲಿಕ್ ತಡೆಯಬಲ್ಲದು. ಆದರೆ 150 ರೂಪಾಯಿ ಇಳಿಸಿದರೂ ಕ್ಲಿಕ್ ಅಲುಗಿರಲಿಲ್ಲ, ಹಾಗಾಗಿ ಬೆಲೆಯ ಮೇಲೆ ಅನುಮಾನ ಪಡಲು ಕಾರಣವಿರಲಿಲ್ಲ.

ಬುಗುರಿಯ ಚಿತ್ರ ಮಾತ್ರ ಬಲು ಚೆಂದ. ತಟ್ಟೆಯಲ್ಲಿ ಐದು ಬಣ್ಣದ ಬುಗುರಿ. ಕೊಡುವುದು ಒಂದೇ! ಗ್ರಾಹಕರು ಕೇಳಿದ ಪ್ರಶ್ನೆಗಳಲ್ಲೇ ಉತ್ತರವಿತ್ತು: "ಐದೂ ಬರುತ್ತಾ?", "ಸೆಟ್ ರೇಟಾ ಇದು?" ಒಳಗೆ ಬಂದು ಒಂದೇ ಎಂದು ಓದಿ ಹಿಂದಿರುಗಿದ್ದಾರೆ. ಕೊಳ್ಳುವವರು ಕಡಿಮೆ ಎಂದಾಗ ಎಲ್ಲರೂ ಪುಟದ ಒಳಗಿನ ವಿವರಣೆಯನ್ನೇ ತಿದ್ದುತ್ತಾರೆ. ಹೊರಗಿನ ಚಿತ್ರ ಕೊಟ್ಟ ಮಾತನ್ನು ಪುಟ ಉಳಿಸಿಕೊಳ್ಳುತ್ತಿದೆಯೇ ಎಂದು ನಾನು ಮೊದಲು ನೋಡುತ್ತೇನೆ.

ಒಂದು ಎಚ್ಚರಿಕೆ ಹೇಳಿದೆ. ಬುಗುರಿಗೆ 30 ಕ್ಲಿಕ್ ಬಂದು ಆರ್ಡರ್ ಸೊನ್ನೆ ಇದ್ದಿದ್ದರೆ ನಾನು ಏನನ್ನೂ ಮುಟ್ಟಿಸುತ್ತಿರಲಿಲ್ಲ. ಇಪ್ಪತ್ತಕ್ಕೊಬ್ಬರು ಕೊಳ್ಳುವ ಒಳ್ಳೆಯ ಪುಟಕ್ಕೂ ಐದು ಸಲದಲ್ಲಿ ಒಂದು ಸಲ ಹಾಗಾಗುತ್ತದೆ. 150 ಕ್ಲಿಕ್ಕಿಗೆ ಏಳೆಂಟು ಬರಬೇಕಿತ್ತು, ಬಂದದ್ದು ಒಂದು. ಅದನ್ನು ಅದೃಷ್ಟಕ್ಕೆ ಬಿಡಲಾಗದು.

ಕೊಟ್ಟ ಸಲಹೆ ಇಷ್ಟು. ಬಳೆ ಆಟಿಕೆಗೆ ಬಿಳಿ ಹಿನ್ನೆಲೆಯಲ್ಲಿ ಕಿಟಕಿ ಬೆಳಕಿನ ಹೊಸ ಚಿತ್ರ, ಯಾವುದರಿಂದ ಏನಾಯಿತೆಂದು ತಿಳಿಯಬೇಕಾದರೆ ಸದ್ಯಕ್ಕೆ ಬೇರೇನನ್ನೂ ಮುಟ್ಟಬೇಡಿ, ಬೆಲೆಯೂ 549 ಇರಲಿ. ಬುಗುರಿಗೆ ಒಂದೇ ಬುಗುರಿಯ ಚಿತ್ರ. "ಕ್ಲಿಕ್ ಕಮ್ಮಿಯಾಗುತ್ತೆ, ಗಾಬರಿಯಾಗಬೇಡಿ" ಎಂದೂ ಹೇಳಿದೆ.

ತಿಂಗಳ ಮೇಲೆ ಬಂದಾಗ ಬಳೆ ಆಟಿಕೆಗೆ 22,000 ಇಂಪ್ರೆಷನ್, 310 ಕ್ಲಿಕ್, 14 ಆರ್ಡರ್. ಒಳಬಂದವರಲ್ಲಿ ಕೊಂಡವರ ಪಾಲು ತುಸು ಇಳಿದಿದೆ. ಸುಮ್ಮನೆ ಇಣುಕಿ ಹೋಗುವವರೂ ಈಗ ಬರುವುದರಿಂದ ಅದು ಸಹಜ. ಆಮೇಲೆ ಬೆಲೆಯನ್ನು 699ಕ್ಕೆ ಏರಿಸಿದೆವು. ಮುಂದಿನ ತಿಂಗಳು 12 ಹೋದವು. 14 ಮಾರಿದಾಗ ಕೈಗೆ ಬಂದದ್ದಕ್ಕಿಂತ ಸುಮಾರು 700 ರೂಪಾಯಿ ಹೆಚ್ಚು, ಎರಡು ಆಟಿಕೆಯ ಕೆಲಸವೂ ಉಳಿಯಿತು.

ಬುಗುರಿಗೆ ಮೊದಲ ತಿಂಗಳು ಕ್ಲಿಕ್ 96ಕ್ಕೆ ಇಳಿಯಿತು, ಆರ್ಡರ್ ಐದಾಯಿತು. ಈ ಐದನ್ನು ನಾನಿನ್ನೂ ಪೂರ್ತಿ ನಂಬಿಲ್ಲ. ಜಾಹೀರಾತು ಹಾಕಲೇ ಎಂದರು. ಇನ್ನೆರಡು ತಿಂಗಳು ಹೀಗೇ ಓಡಲಿ, ಆಮೇಲೆ ನೋಡೋಣ ಎಂದಿದ್ದೇನೆ. ಅಷ್ಟರಲ್ಲಿ ಬಳೆ ಆಟಿಕೆಯ ಹೆಸರಿನ ಸಾಲಿನಲ್ಲಿ ಅಂಗಡಿ ಹೆಸರು ಕೊನೆಗೆ ಹೋಗಬೇಕು.