ಆನ್‌ಲೈನ್ ಪಾಠ: ಶ್ರುತಿ, ತಾಳ, ಫೀಸು

“ಚಿಕ್ಕಮಗಳೂರಿನಿಂದ ಮೂಡಿಗೆರೆ ಕಡೆಯ ಮಕ್ಕಳಿಗೆ ಝೂಮ್‌ನಲ್ಲಿ ಸರಳೆ ವರಸೆ ಹೇಳಿಕೊಡ್ತಿದ್ದೇನೆ. ನನ್ನ ತಂಬೂರಿ ಅವರಿಗೆ ಕೇಳಲ್ಲ, ಒಟ್ಟಿಗೆ ಹಾಡಿದ್ರೆ ತಾಳ ತಪ್ಪುತ್ತೆ. ಫೀಸ್ ಕೇಳೋಕೂ ಮುಜುಗರ.”

ಮೇಡಂ, ತಂಬೂರಿಯ ನಾದ ಒಂದೇ ಸಮನೆ ಇರುತ್ತದಲ್ವಾ, ಝೂಮ್ ಅದನ್ನು ಫ್ಯಾನ್ ಸದ್ದಿನ ಹಾಗೆ ಅಳಿಸಿಬಿಡುತ್ತದೆ. ಆಡಿಯೋ ಸೆಟ್ಟಿಂಗ್ಸ್‌ನಲ್ಲಿ Original sound for musicians ಆನ್ ಮಾಡಿ, ಇಯರ್‌ಫೋನ್ ಹಾಕಿಕೊಳ್ಳಿ. ಅದಕ್ಕಿಂತ ಒಳ್ಳೆಯದು, ಮಗುವಿನ ಪಕ್ಕದಲ್ಲೇ ಇನ್ನೊಂದು ಫೋನಿನಲ್ಲಿ ಶ್ರುತಿ ಹಾಕಿಸುವುದು. ಮಗುವಿನ ಶ್ರುತಿ ಐದು ಮನೆಯಾದರೆ ನಿಮ್ಮದೂ ಅದೇ ಇರಲಿ.

ತಾಳ ತಪ್ಪುತ್ತಿರುವುದು ಮಗುವಲ್ಲ. ನಿಮ್ಮ ‘ಸ’ ತಡವಾಗಿ ಅಲ್ಲಿಗೆ ಹೋಗುತ್ತದೆ, ಅದರ ‘ಸ’ ಮತ್ತೆ ತಡವಾಗಿ ಬರುತ್ತದೆ. ನೀವು ಕಾಯುತ್ತೀರಿ, ಅದೂ ಕಾಯುತ್ತದೆ, ಕಾಲ ಎಳೆದುಹೋಗುತ್ತದೆ. ಎಷ್ಟು ಒಳ್ಳೆಯ ಇಂಟರ್ನೆಟ್ ಇದ್ದರೂ ಇದು ಪೂರ್ತಿ ಹೋಗುವುದಿಲ್ಲ. ಹಾಗಾಗಿ ಒಟ್ಟಿಗೆ ಹಾಡಲೇಬೇಡಿ. ನೀವು ಒಂದು ಆವರ್ತ ಹಾಡಿ ಮ್ಯೂಟ್ ಆಗಿ. ಮಗು ತಾನೇ ತಾಳ ಹಾಕಿಕೊಂಡು ಹಾಡಲಿ. ನಿಮ್ಮ ಕೈಗೆ ಹೋಲಿಸಬೇಡಿ. ಅದರ ‘ಸ ರಿ ಗ ಮ’ ಮತ್ತು ‘ಪ ದ ನಿ ಸ’ ಒಂದೇ ವೇಗದಲ್ಲಿವೆಯೇ ಅಂತ ಮಾತ್ರ ಕೇಳಿ. ಜೊತೆಗೆ ಹಾಡಲು ನಿಮ್ಮ ದನಿಯನ್ನು ರೆಕಾರ್ಡ್ ಮಾಡಿ ವಾಟ್ಸಾಪ್‌ಗೆ ಕಳಿಸಿ.

ಫೀಸು ತಿಂಗಳ ಮೊದಲೇ ತೆಗೆದುಕೊಳ್ಳಿ. ಯುಪಿಐ ನೋಟ್‌ನಲ್ಲಿ ಮಗುವಿನ ಹೆಸರು, ತಿಂಗಳು ಬರೆಯಲು ಹೇಳಿ, ಅಪ್ಪನ ಹೆಸರಲ್ಲಿ ಬಂದರೆ ಯಾರದು ಅಂತ ತಿಳಿಯುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ತಪ್ಪಿದ ಪಾಠಕ್ಕೆ ಬದಲಿ ಪಾಠ ಉಂಟು, ದುಡ್ಡು ವಾಪಸ್ ಇಲ್ಲ ಅಂತ ಸೇರಿಸಿಕೊಳ್ಳುವಾಗಲೇ ಹೇಳಿಬಿಡಿ.