ಕೊನೆ ದಿನಾಂಕ ಮುಂದೂಡಿ ಅಂತ ಕೇಳುವುದಕ್ಕಿಂತ ದಾಖಲೆಗೆ ಸಮಯ ಕೇಳಿ

ಪ್ರಶ್ನೆ: "ಎಂ.ಎಸ್ಸಿ. ಅರ್ಜಿಗೆ ಜೂನ್ 20 ಕೊನೆ ದಿನ. ನನ್ನ ಆರನೇ ಸೆಮಿಸ್ಟರ್ ಪರೀಕ್ಷೆ ಮುಗಿಯುವುದೇ 24ಕ್ಕೆ. ಆದಾಯ ಪ್ರಮಾಣಪತ್ರಕ್ಕೆ 3ನೇ ತಾರೀಖು ಅರ್ಜಿ ಹಾಕಿದ್ದೇನೆ, ಇನ್ನೂ ಬಂದಿಲ್ಲ. ಅವಧಿ ವಿಸ್ತರಿಸಿ ಅಂತ ಹೇಗೆ ಬರೆಯಲಿ?"

ಕಾಲೇಜಿನ ಪ್ರವೇಶ ವಿಭಾಗದಲ್ಲಿ ಕೆಲವು ವರ್ಷ ಅರ್ಜಿ ಪರಿಶೀಲಿಸುವ ಕೆಲಸ ಮಾಡಿದ್ದೇನೆ. ಒಬ್ಬರಿಗೋಸ್ಕರ ಕೊನೆ ದಿನಾಂಕ ಮುಂದೆ ಹಾಕುವ ಅಧಿಕಾರ ಆ ಮೇಜಿನಲ್ಲಿ ಕೂತವರಿಗೆ ಇರುವುದಿಲ್ಲ. ಬಂದ ಅರ್ಜಿಯಲ್ಲಿ ಒಂದು ದಾಖಲೆ ಬಾಕಿ ಇದ್ದರೆ ಅದಕ್ಕೆ ಸಮಯ ಕೊಡಲು ಮಾತ್ರ ಎಷ್ಟೋ ಕಡೆ ಅವಕಾಶವಿದೆ. ಆದ್ದರಿಂದ 20ರೊಳಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿಬಿಡಿ. ಅಂಕಪಟ್ಟಿಯ ಜಾಗದಲ್ಲಿ 'ಫಲಿತಾಂಶ ನಿರೀಕ್ಷಿಸಲಾಗಿದೆ' ಅನ್ನುವ ಆಯ್ಕೆ ಇದೆಯಾ ನೋಡಿ. ಇದ್ದರೆ ಐದು ಸೆಮಿಸ್ಟರ್‌ಗಳ ಅಂಕಪಟ್ಟಿ ಮತ್ತು ಆರನೆಯದರ ಹಾಲ್ ಟಿಕೆಟ್ ಸಾಕಾಗಬಹುದು, ಪರೀಕ್ಷೆಯ ವಿಷಯಕ್ಕೆ ಬೇರೆ ಪತ್ರವೇ ಬೇಡ.

ಆದಾಯ ಪ್ರಮಾಣಪತ್ರಕ್ಕೆ ಮೊದಲು ಮನೆಯಲ್ಲಿ ಹಳೆಯದು ಇದೆಯಾ ಹುಡುಕಿ. ನಾಡಕಚೇರಿಯದಾದರೆ ಸಾಮಾನ್ಯವಾಗಿ 5 ವರ್ಷ ಚಾಲ್ತಿಯಲ್ಲಿರುತ್ತದೆ. ಇಲ್ಲದಿದ್ದರೆ ಅರ್ಜಿ ಹಾಕಿದಾಗ ಕೊಟ್ಟ ಸಕಾಲ ಸ್ವೀಕೃತಿಯೇ ನಿಮ್ಮ ಆಧಾರ. ಅದರಲ್ಲಿ ಅರ್ಜಿ ಹಾಕಿದ ತಾರೀಖೂ ಸಂಖ್ಯೆಯೂ ಇರುತ್ತವೆ. ತಡ ನಿಮ್ಮದಲ್ಲ ಅನ್ನುವುದಕ್ಕೆ ಅಷ್ಟೇ ಸಾಕ್ಷಿ.

ಪತ್ರ ಚಿಕ್ಕದಾಗಿರಲಿ:

"ಮಾನ್ಯರೇ, ನನ್ನ ಎಂ.ಎಸ್ಸಿ. ಅರ್ಜಿಯನ್ನು (ಸಂಖ್ಯೆ ...) ಜೂನ್ 17ರಂದು ಸಲ್ಲಿಸಿದ್ದೇನೆ. ಆದಾಯ ಪ್ರಮಾಣಪತ್ರಕ್ಕೆ ಜೂನ್ 3ರಂದೇ ಅರ್ಜಿ ಹಾಕಿದ್ದು, ಸ್ವೀಕೃತಿಯ ಪ್ರತಿ ಲಗತ್ತಿಸಿದೆ. ಪ್ರಮಾಣಪತ್ರವನ್ನು ಜುಲೈ 10ರೊಳಗೆ ಸಲ್ಲಿಸಲು ಅವಕಾಶ ಕೊಡಬೇಕೆಂದು ಕೋರುತ್ತೇನೆ. ತಪ್ಪಿದಲ್ಲಿ ಆದಾಯದ ಆಧಾರದ ಮೇಲೆ ಸಿಗುವ ಸೌಲಭ್ಯ ಕೇಳುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಲು ಸಿದ್ಧನಿದ್ದೇನೆ."

'ಸ್ವಲ್ಪ ಸಮಯ ಕೊಡಿ' ಅಂತ ಬರೆದ ಪತ್ರಗಳು ನಮ್ಮಲ್ಲಿ ಕಡತದಲ್ಲೇ ಉಳಿಯುತ್ತಿದ್ದವು. ತಾರೀಖು ಬರೆದಿದ್ದರೆ ಅಧಿಕಾರಿ ಅದರ ಪಕ್ಕದಲ್ಲೇ ಒಪ್ಪಿಗೆ ಬರೆದು ಸಹಿ ಹಾಕಬಹುದು. ಆ ತಾರೀಖನ್ನು ಅಂದಾಜಿನಲ್ಲಿ ಹಾಕಬೇಡಿ. ಅರ್ಜಿ ಯಾರ ಹತ್ತಿರ ನಿಂತಿದೆ ಅಂತ ನಾಡಕಚೇರಿಯಲ್ಲಿ ಕೇಳಿ. ಗ್ರಾಮ ಆಡಳಿತಾಧಿಕಾರಿಯ ವರದಿಯೇ ಹೋಗಿಲ್ಲದಿದ್ದರೆ ಅವರನ್ನು ಕಂಡು ಮಾತಾಡಿ, ಆಮೇಲೆ ನಾಲ್ಕೈದು ದಿನ ಹೆಚ್ಚೇ ಇಟ್ಟು ತಾರೀಖು ಬರೆಯಿರಿ.

ಪತ್ರ 20ಕ್ಕೆ ಮುಂಚೆಯೇ ತಲುಪಬೇಕು. ಎರಡು ಪ್ರತಿ ಒಯ್ದು, ಒಂದರ ಮೇಲೆ ಟಪಾಲು ವಿಭಾಗದ ಸೀಲು, ತಾರೀಖು ಹಾಕಿಸಿಕೊಳ್ಳಿ. 'ಆಯ್ತು, ಆಮೇಲೆ ಕೊಡಿ' ಅಂತ ಬಾಯಲ್ಲಿ ಹೇಳಿದರೆ ಹಿಂಬರಹ ಕೇಳಿ. ಪರಿಶೀಲನೆಯ ದಿನ ಆ ಕುರ್ಚಿಯಲ್ಲಿ ಬೇರೆಯವರು ಇರಬಹುದು.

ಇದನ್ನೇ ನಂಬಿಕೊಂಡು ಸರ್ಕಾರಿ ನೇಮಕಾತಿಗೆ ಮಾತ್ರ ಹೋಗಬೇಡಿ. ಅಧಿಸೂಚನೆ ಬೇರೆ ದಿನ ಹೇಳದಿದ್ದರೆ, ಅರ್ಜಿಯ ಕೊನೆ ದಿನಕ್ಕೆ ವಿದ್ಯಾರ್ಹತೆ ಕೈಯಲ್ಲಿ ಇರಲೇಬೇಕು. ಫಲಿತಾಂಶ ಒಂದು ದಿನ ಆಚೆಗೆ ಬಂದರೂ ಅಲ್ಲಿ ಈ ಪತ್ರ ನಡೆಯುವುದಿಲ್ಲ.